ಆಗದ ಹನ್ನೊಂದು ಪಂಕ್ಚರ್

ಎರಡು ತಿಂಗಳಲ್ಲಿ ನಾನು ಹನ್ನೊಂದು ದಿನ ಆಫೀಸಿಗೆ ತಡವಾಗಿ ಹೋದೆ. ಹನ್ನೊಂದು ದಿನವೂ ಒಂದೇ ಮೇಲ್: 'ಸರ್, ಬಸ್ ಪಂಕ್ಚರ್. ಶಿವಲೀಲಾ.' ನಮ್ಮ ಆಫೀಸಿನಲ್ಲಿ ಸಗರ ಹಳ್ಳಿಯಿಂದ ಶಹಾಪುರಕ್ಕೆ ಬರುವವಳು ನಾನೊಬ್ಬಳೇ, ಯಾರು ನೋಡುತ್ತಾರೆ ಎಂದುಕೊಂಡಿದ್ದೆ.

ಸರ್ ನಂಬಿದರು. ಅದೇ ಎಡವಟ್ಟಾಯಿತು. ನಮ್ಮ ಬೀಜದ ಕಂಪನಿಯ ಸೂಪರ್‌ವೈಜರ್ ದೇವಿಂದ್ರ ಸರ್‌ಗೆ ಅರ್ಜಿ ಬರೆಯುವ ಹುಚ್ಚು. ಬೀದಿದೀಪ ಕೆಟ್ಟರೂ ಅರ್ಜಿ. ನನ್ನ ಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆದು ಬಸ್ ಡಿಪೋಗೆ ದೂರು ಕೊಟ್ಟುಬಿಟ್ಟಿದ್ದರು.

"ನಿನ್ನ ತ್ರಾಸ ಮುಗೀತವ್ವಾ," ಎಂದು ಖುಷಿಯಿಂದ ಹೇಳಿದರು. "ಆ ಡ್ರೈವರ್ ನಯೀಮಗ ನೋಟಿಸ್ ಕೊಟ್ಟಾರ. ಶನಿವಾರದೊಳಗ ಜವಾಬ್ ಕೊಡಬೇಕಂತ."

ಒಂಬತ್ತರ ಬಸ್ಸಿನ ನಯೀಮಣ್ಣ ಒಂದು ನಿಮಿಷ ತಡ ಮಾಡಿದವನಲ್ಲ. ನನಗೆ ಬಸ್ ತಪ್ಪುತ್ತಿದ್ದುದೇ ಅದಕ್ಕೆ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಇನ್ನೊಂದ್ ಸುಳ್ಳ ಹೇಳು, ಮುಗೀತದ," ಎಂದ ಗಂಡ ಮಲ್ಲು, ರಾತ್ರಿ ಮನೆಯಲ್ಲಿ ವಿಷಯ ಕೇಳಿ.

"ನೀ ಸುಮ್ಮಕಿರು," ಎಂದು ಬರೆಯಲು ಕೂತೆ.

'ಸರ್, ಬಸ್ ಒಮ್ಮೆಯೂ ಪಂಕ್ಚರ್ ಆಗಿಲ್ಲ. ತಡವಾಗಿದ್ದು ನನ್ನಿಂದ, ಸುಳ್ಳು ಬರೆದವಳೂ ನಾನೇ. ತಪ್ಪಾಯಿತು. ನಮ್ಮ ಕುರಿಗಳು ಈಯುತ್ತಿವೆ. ಹಿಂಡು ಮೇಯಲು ಹೊರಡುವ ಮೊದಲು ಮರಿಗಳಿಗೆ ಹಾಲು ಕುಡಿಸಬೇಕು. ಕೆಲವು ತಾಯಿಕುರಿಗಳು ಒದೆಯುತ್ತವೆ. ಗಂಡ ಕುರಿ ಹಿಡಿದರೆ ನಾನು ಮರಿ ಹಿಡಿಯಬೇಕು. ಕೆಲವು ದಿನ ಮುಗಿಯುವಾಗ ಒಂಬತ್ತೂವರೆ ಆಗುತ್ತದೆ. ನಾಳೆಯಿಂದ ಬೇಗ ಬರುತ್ತೇನೆ ಎಂದರೆ ಅದೂ ಸುಳ್ಳಾಗುತ್ತದೆ. ಆದ್ದರಿಂದ ಎರಡು ತಿಂಗಳ ಮಟ್ಟಿಗೆ ನನ್ನ ಕೆಲಸದ ಸಮಯ ಒಂಬತ್ತೂವರೆಯಿಂದ ಐದೂವರೆಯ ಬದಲು ಹತ್ತೂವರೆಯಿಂದ ಆರೂವರೆ ಆಗಲಿ ಎಂದು ಕೋರುತ್ತೇನೆ. ಹಳ್ಳಿಗಳ ವರದಿ ಬರುವುದೇ ಐದರ ಮೇಲೆ. ಅದನ್ನು ಅದೇ ದಿನ ಕಂಪ್ಯೂಟರಿಗೆ ಏರಿಸಿ ಹೋಗುತ್ತೇನೆ. ಕ್ರಮ ಕೈಗೊಳ್ಳುವುದಿದ್ದರೆ ನನ್ನ ಮೇಲಿರಲಿ, ನಯೀಮಣ್ಣನ ಮೇಲೆ ಬೇಡ.'

ಮರುದಿನ ಮಧ್ಯಾಹ್ನದವರೆಗೂ ಸರ್ ನನ್ನ ಮುಖ ನೋಡಲಿಲ್ಲ. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿದೆ. ಆಮೇಲೆ ಕರೆದರು.

"ನಾಲ್ಕ ಪುಟ ಬರದೀನವ್ವಾ! ನಾಲ್ಕ! ನನ್ನ ಮಾನ ಕಳದಿ." ದೂರಿನ ಪ್ರತಿಯನ್ನು ಮೇಜಿನ ಮೇಲೆ ಒಗೆದರು. "ವರದಿ ಮಾತ ಖರೇ ಅದ. ದಿನಾ ಸಂಜೀಕ ನಾನೇ ಕುಂತು ಏರಸಾಕತ್ತೀನಿ. ಸೋಮವಾರದಿಂದ ಹತ್ತೂವರಿಗಿ ಬಾ, ಎರಡ ತಿಂಗಳ ಅಷ್ಟ. ಮತ್ತೊಮ್ಮಿ ಸುಳ್ಳ ಬರದ್ರ ಮನಿಗಿ. ಈಗ ಡಿಪೋಕ್ಕ ನಡಿ."

ಡಿಪೋದಲ್ಲಿ ಮ್ಯಾನೇಜರ್ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಸರ್ ತಮ್ಮ ದೂರು ವಾಪಸ್ ಪಡೆಯಲು ಮತ್ತೊಂದು ಅರ್ಜಿ ಬರೆದರು, ಅದೂ ಎರಡು ಪುಟ. ನೋಟಿಸ್ ರದ್ದಾಯಿತು. ಅಲ್ಲೇ ನಿಂತಿದ್ದ ನಯೀಮಣ್ಣ ಮಾತ್ರ ನನಗೆ ಒಂದು ಮಾತೂ ಹೇಳದೆ ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮವಾರ ಒಂದು ಹಟಮಾರಿ ಕುರಿಯಿಂದ ಹತ್ತು ಗಂಟೆ ದಾಟಿತು. ಸೆರಗು ಕಟ್ಟಿಕೊಂಡು ಓಡಿದೆ. ಹತ್ತರ ಬಸ್ ಇನ್ನೂ ನಿಂತಿತ್ತು. ಸ್ಟೇರಿಂಗ್ ಹಿಂದೆ ನಯೀಮಣ್ಣ! ಅವನಿಗೆ ಡ್ಯೂಟಿ ಬದಲಾಗಿತ್ತು.

"ಟೈಮ್ ಆಗ್ಯಾದ, ಬಿಡು," ಎಂದು ಕಂಡಕ್ಟರ್ ಕೂಗುತ್ತಿದ್ದ.

"ತಡೀಯೋ," ಎಂದ ನಯೀಮಣ್ಣ, ಇಡೀ ಬಸ್ಸಿಗೆ ಕೇಳುವಂತೆ. "ಈ ಅಕ್ಕನ್ನ ಬಿಟ್ಟ ಹೋದ್ರ ನನ್ನ ಗಾಡಿ ಪಂಕ್ಚರ್ ಆಗ್ತದ."