ಸಹಿ ಅವರದೇ ಎಂದು ಇಟ್ಟುಕೊಂಡರೂ

ನಿಂಬವ್ವನ ಖಾನಾವಳಿಯಲ್ಲಿ ವಕೀಲರು ಉಂಡು ಹೋದ ಮೇಲೆ ತಾಟಿಗಿಂತ ಕಾಗದವೇ ಹೆಚ್ಚು ಉಳಿಯುತ್ತಿತ್ತು. ಧಾರವಾಡದ ಕೋರ್ಟಿನ ಮಂದಿಗೆ ಕಾಗದ ಹಾಸಿಕೊಂಡು ಕೂರದಿದ್ದರೆ ರೊಟ್ಟಿ ಇಳಿಯುವುದಿಲ್ಲವೋ ಏನೋ. ಆವತ್ತು ಮೂಲೆಯ ಬೆಂಚಿನ ಮೇಲೆ ಶೇಂಗಾ ಚಟ್ನಿ ಮೆತ್ತಿದ ಎರಡು ಹಾಳೆ ಬಿದ್ದಿದ್ದವು. ಒಲೆಗೆ ಹಾಕಬೇಕೆಂದು ಎತ್ತಿಕೊಂಡವಳ ಕಣ್ಣಿಗೆ 'ಮೃತ್ಯುಪತ್ರ' ಎಂಬ ಪದ ಬಿತ್ತು. ಆ ಪದ ಎಲ್ಲಿ ಕಂಡರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಸೆರಗಿನೊಳಗಿನ ಕನ್ನಡಕ ತೆಗೆದು ಏರಿಸಿಕೊಂಡಳು.

ಮೇಲೆ ದಪ್ಪ ಅಕ್ಷರದಲ್ಲಿ 'ಎರಡನೇ ಮೇಲ್ಮನವಿ: ಆಧಾರಗಳನ್ನು ಬರೆಯುವ ಬಗೆ' ಎಂದಿತ್ತು. ಕೆಳಗಿದ್ದ ಹೆಸರು ವಿರೂಪಾಕ್ಷ ಹಂಚಿನಮನಿ. ಅವಳದೇ ವಕೀಲ! ನವೆಂಬರ್ ತಿಂಗಳೆಂದು ವಕೀಲರ ಸಂಘದಲ್ಲಿ ಹೊಸಬರಿಗಾಗಿ ಕನ್ನಡದಲ್ಲೇ ಓದಿದ ಪ್ರಬಂಧ ಅದು.

'ಎರಡನೇ ಮೇಲ್ಮನವಿಯಲ್ಲಿ ಹೈಕೋರ್ಟು ಸಂಗತಿಗಳನ್ನು ಮತ್ತೆ ತೂಗಿ ನೋಡುವುದಿಲ್ಲ. ಅಲ್ಲಿ ಬೇಕಾದದ್ದು ಕಾನೂನಿನ ಮಹತ್ವದ ಪ್ರಶ್ನೆ. ಕೆಳಗಿನ ಕೋರ್ಟು ಆ ಸಾಕ್ಷಿಯನ್ನು ನಂಬಿದ್ದು ಸರಿಯೇ ಎಂದು ಕೇಳಿದರೆ ಅದು ಪ್ರಶ್ನೆಯಲ್ಲ, ಗೋಳು. ಕಕ್ಷಿದಾರರ ಸಿಟ್ಟನ್ನೆಲ್ಲ ಆಧಾರವೆಂದು ಬರೆಯಬೇಡಿ. ನಮಗೆ ವಿರುದ್ಧವಾದ ಸಂಗತಿಯನ್ನು ಇದ್ದಂತೆಯೇ ಇಟ್ಟುಕೊಂಡು, ಆಮೇಲೂ ಕಾನೂನು ನಮ್ಮ ಕಡೆ ನಿಲ್ಲುತ್ತದೆಯೇ ನೋಡಿ. ಉದಾಹರಣೆಗೆ: ಮೃತ್ಯುಪತ್ರದ ಮೇಲಿನ ಸಹಿ ತಂದೆಯದೇ ಎಂದು ಇಟ್ಟುಕೊಂಡರೂ...'

ಮುಂದಿನದನ್ನು ಚಟ್ನಿ ನುಂಗಿತ್ತು. ನಿಂಬವ್ವನಿಗೆ ಅಷ್ಟೇ ಸಾಕಾಯಿತು.

ಇಷ್ಟು ವರ್ಷ ಅವಳು ಹೇಳಿಕೊಂಡು ಬಂದದ್ದು ಒಂದೇ ಮಾತು. ಅಪ್ಪ ಚನವೀರಪ್ಪ ಮೃತ್ಯುಪತ್ರವೆಂಬ ಉಯಿಲನ್ನೇ ಬರೆಸಿಲ್ಲ, ಆ ಕಾಗದದ ಮೇಲಿನ ಸಹಿ ಸುಳ್ಳು. ಅಪ್ಪ ದುಡಿದು ಕಟ್ಟಿಸಿದ ಮನೆ ಇದು. ಮುಂದಿನ ಪಡಸಾಲೆಯಲ್ಲಿ ಖಾನಾವಳಿ, ಹಿಂದಿನ ಖೋಲಿಯಲ್ಲಿ ಅವಳ ಬಾಳು. ತೀರಿಹೋದ ಅಣ್ಣನ ಮಗ ಶಿವಯೋಗಿ, ಮನೆಯೆಲ್ಲ ಅಜ್ಜ ತನಗೇ ಬರೆದುಕೊಟ್ಟಿದ್ದಾನೆಂದು ಕಾಗದ ಹಿಡಿದು ಬಂದ, ಅತ್ತೆಯನ್ನು ಹೊರಗೆ ಹಾಕಿಸಬೇಕೆಂದು ದಾವೆ ಹೂಡಿದ. ಮೊದಲ ಕೋರ್ಟು ಅವನ ದಾವೆಯನ್ನು ವಜಾ ಮಾಡಿತು. ಅವನು ಮೇಲ್ಮನವಿ ಹಾಕಿದ. ಅಲ್ಲಿಯ ನ್ಯಾಯಾಧೀಶರು ಅಪ್ಪನ ಹಳೆಯ ಖರೀದಿ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಎರಡರಲ್ಲೂ 'ಪ' ಅಕ್ಷರದ ಕೆಳಗಿನ ಗೆರೆ ಒಂದೇ ಥರ ಎಳೆದಿದೆ, ಪತ್ರ ಬರೆದವನೂ ಬಂದು ಸಾಕ್ಷಿ ಹೇಳಿದ್ದಾನೆ, ಸಹಿ ಚನವೀರಪ್ಪನದೇ ಎಂದು ತೀರ್ಪು ಕೊಟ್ಟರು. ಮನೆ ಬಿಡು ಎಂದು ಅಪ್ಪಣೆಯಾಯಿತು. ಈಗ ಹಂಚಿನಮನಿ ಹಾಕಿದ ಎರಡನೇ ಮೇಲ್ಮನವಿಯ ಮೇಲೆ ಹೈಕೋರ್ಟು ತಡೆ ಕೊಡದಿದ್ದರೆ ನಿಂಬವ್ವ ಒಲೆ ಕಿತ್ತುಕೊಂಡು ಬೀದಿಗೆ ಬರಬೇಕು.

ಇಂಥ ಹೊತ್ತಿನಲ್ಲಿ ಅವಳ ವಕೀಲನೇ ಸಹಿ ತಂದೆಯದು ಅನ್ನುತ್ತಿದ್ದಾನೆ! ಮೊನ್ನೆ ಇದೇ ಖಾನಾವಳಿಯಲ್ಲಿ ಹಂಚಿನಮನಿಯೂ ಶಿವಯೋಗಿಯ ವಕೀಲ ಇನಾಮದಾರನೂ ಒಂದೇ ಮೇಜಿಗೆ ಕೂತು ನಕ್ಕದ್ದು ಅವಳಿಗೆ ನೆನಪಾಯಿತು. ಎಣ್ಣೆಗಾಯಿ ಬಡಿಸಲು ಹೋದಾಗ ಇಬ್ಬರೂ ಮಾತು ನಿಲ್ಲಿಸಿದ್ದರು. ತನ್ನ ಮನೆಯಲ್ಲೇ ತನ್ನ ಎಣ್ಣೆಗಾಯಿ ತಿಂದು ತನ್ನ ಕೊರಳು ಕೊಯ್ಯುವ ಮಾತೇ? ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಸೀದಾ ಹಂಚಿನಮನಿಯ ಆಫೀಸಿಗೆ ನಡೆದಳು.

"ಸಾಹೇಬ್ರ, ಇದೇನ್ರಿ ಇದು? ಸಹಿ ನಮ್ಮಪ್ಪಂದು ಅಂತ ಒಪ್ಪಿಕೊಂಡ್ರೇನು?"

ಹಂಚಿನಮನಿ ಹಾಳೆ ನೋಡಿ, "ಅಯ್ಯ, ನನ್ನ ಪ್ರಬಂಧಕ್ಕ ಚಟ್ನಿ ಹಚ್ಚಿ ತಂದೀರಲ್ರಿ. ಮಂದಿ ಇಷ್ಟ ರುಚಿಯಿಂದ ಓದ್ಯಾರಂತ ಗೊತ್ತ ಇರ್ಲಿಲ್ಲ" ಎಂದ.

"ನಗಸಬ್ಯಾಡ್ರಿ. ಒಪ್ಪಿಕೊಂಡಿರೋ ಇಲ್ಲೋ?"

"ಒಪ್ಪಿಲ್ರಿ. ಅವರದ ಅಂತ ಇಟ್ಟುಕೊಂಡರೂ, ಅಂದೇನಿ."

"ಎರಡಕ್ಕೂ ಏನ ಫರಕು?"

"ಉಣ್ಣಾಕ ಕುಂತಾಂವ, ರೊಟ್ಟಿ ಚಲೋ ಅದಾವಂತ ಇಟ್ಟುಕೊಂಡ್ರೂ ಪಲ್ಲೆ ಎಲ್ಲೈತಿ ಅಂತ ಕೇಳ್ತಾನ. ಅಂವ ರೊಟ್ಟಿ ಹೊಗಳಿದಂಗಾತೇನ್ರಿ?"

"ನಮ್ಮ ಖಾನಾವಳ್ಯಾಗ ಪಲ್ಲೆ ಇಲ್ಲದ ತಾಟು ಎಂದೂ ಹೋಗಿಲ್ಲ" ಎಂದಳು ನಿಂಬವ್ವ. "ನಾ ಹೇಳಿದ್ದೆಲ್ಲಾ ಮನವ್ಯಾಗ ಬರದೀರೇನು? ಆ ಪತ್ರಾ ಬರದಾಂವ ಶಿವಯೋಗಿ ಗೆಳ್ಯಾ ಅಂತ? ಅಪ್ಪನ ಕೈ ನಡಗತಿತ್ತು ಅಂತ? ಕಡೀಕ ಅವಗ ಗಂಜಿ ಕುಡಿಸಿದಾಕಿ ನಾನು, ಶಿವಯೋಗಿ ಒಂದ ದಿನಾ ಹಣಿಕಿ ಹಾಕಿಲ್ಲ ಅಂತ?"

"ಬರದಿಲ್ರಿ. ಅವೆಲ್ಲಾ ಸಂಗತಿ. ಸಹಿ ಯಾರದಂತ ನೋಡೂದೂ ಸಂಗತಿನ. ಅದಕ್ಕ ಕೆಳಗಿನ ಕೋರ್ಟ್ ಬೀಗಾ ಹಾಕೇತಿ. ಅದನ್ನ ಜಗ್ಗಿಕೋತ ನಿಂತ್ರ, ಮನವಿ ತಗೋಬೇಕೋ ಬ್ಯಾಡೋ ಅಂತ ನೋಡೂ ಅಡ್ಮಿಷನ್ನಿನ ದಿನಾನ ನಮ್ಮನ್ನ ಹೊರಗ ಕಳಸ್ತಾರ. ನನಗ ಬೇರೆ ಬಾಗಲಾ ಕಂಡೇತಿ, ಅದ ಒಂದನ್ನ ಬಡಿಯೋಣು."

ಅವನು ಹೇಳಿದ್ದು ಅವಳ ಕಿವಿಯ ತನಕ ಹೋಯಿತು, ಒಳಗೆ ಹೋಗಲಿಲ್ಲ. ಹೊರಗೆ ಬಂದವಳು ಯಾವಗಲ್ ಎಂಬ ಇನ್ನೊಬ್ಬ ವಕೀಲನ ಮನೆಗೆ ಹೋದಳು. ಯಾವಗಲ್ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಪತ್ರ ಬರೆದವನ ಗೆಳೆತನ, ಅಪ್ಪನ ನಡುಗುವ ಕೈ, ಗಂಜಿ, ಎಲ್ಲವನ್ನೂ ಒಂದೊಂದು ಆಧಾರ ಮಾಡಿ ದೊಡ್ಡ ಕಟ್ಟನ್ನೇ ಸಲ್ಲಿಸೋಣ ಎಂದ. "ನ್ಯಾಯ ಅಂದ್ರ ಇದನ್ರಿ ಬಾಯಾರ. ವಕೀಲರನ್ನ ಬದಲ್ ಮಾಡಾಕ ಹಂಚಿನಮನಿ ಕಡಿಂದ ಅಡ್ಡಿ ಇಲ್ಲಂತ ಇದರ ಮ್ಯಾಲೆ ಒಂದ ಸಹಿ ತಗೊಂಡ ಬರ್ರಿ, ಮುಂದಿಂದು ನನಗ ಬಿಡ್ರಿ" ಎಂದು ಕಾಗದ ಕೊಟ್ಟ. ತನ್ನ ದುಃಖವನ್ನು ಯಾರೋ ಪೂರಾ ಕೇಳಿದರಲ್ಲ ಎಂದು ನಿಂಬವ್ವನಿಗೆ ಕಣ್ಣು ತುಂಬಿ ಬಂತು.

ವಿಚಾರಣೆಯ ದಿನ ಅವಳು ಆ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಹೈಕೋರ್ಟಿಗೆ ಬಂದಳು. ಒಳಗೆ ಹೋಗುವ ಮೊದಲೇ ಸಹಿ ಹಾಕಿಸಿಕೊಳ್ಳಬೇಕೆಂದಿದ್ದಳು. ಆದರೆ ಹಂಚಿನಮನಿ ಕರಿ ಗೌನು ಹಾರಿಸಿಕೊಂಡು ಓಡುತ್ತಲೇ ಬಂದ. ಇವಳು ಬಾಯಿ ತೆರೆಯುವುದಕ್ಕೂ ಒಳಗೆ ಅವರ ಪ್ರಕರಣ ಕೂಗುವುದಕ್ಕೂ ಸರಿಹೋಯಿತು. ಅವಳು ಹಿಂದಿನ ಸಾಲಿನಲ್ಲಿ ಕೂತಳು. ಅತ್ತ ಕಡೆ ಶಿವಯೋಗಿ ಇಸ್ತ್ರಿ ಅಂಗಿ ತೊಟ್ಟು ಅಳಿಯನಂತೆ ಕೂತಿದ್ದ.

ತಮ್ಮ ಮಾತು ಕೇಳದೆ ತಡೆ ಕೊಡಬಾರದೆಂದು ಮುಂಚಿತವಾಗಿ ಕೇವಿಯಟ್ ಹಾಕಿದ್ದ ಇನಾಮದಾರನೇ ಮೊದಲು ಎದ್ದುನಿಂತ. ಇಂಗ್ಲಿಷಿನ ನಡುವೆ ಸಹಿ, ಹೋಲಿಕೆ, ಸಂಗತಿ ಎಂದೆಲ್ಲ ಅಂದ. ಸಹಿಯ ಬಗ್ಗೆ ಕೆಳಗಿನ ಕೋರ್ಟು ಹೇಳಿದ್ದೇ ಕೊನೆ, ಅದನ್ನು ಇಲ್ಲಿ ಕೆದಕುವಂತಿಲ್ಲ, ಇದರಲ್ಲಿ ಕಾನೂನಿನ ಪ್ರಶ್ನೆಯೇ ಇಲ್ಲ ಎಂಬುದು ಅವನ ವಾದ. ಈಗಲಾದರೂ ಹಂಚಿನಮನಿ ಸಿಡಿದೇಳುತ್ತಾನೆಂದು ನಿಂಬವ್ವ ಕಾದಳು. ಅವನು ಸಾವಕಾಶ ಎದ್ದು ಹೇಳಿದ:

"ಮಹಾಸ್ವಾಮಿ, ಈ ಪ್ರಶ್ನೆಯ ಮಟ್ಟಿಗೆ ಸಹಿಯ ಬಗ್ಗೆ ನನ್ನ ತಕರಾರಿಲ್ಲ."

ಅದನ್ನು ಅವನು ಕನ್ನಡದಲ್ಲೇ ಹೇಳಿದ. ನಿಂಬವ್ವನಿಗೆ ಮೈಯೆಲ್ಲ ಉರಿ ಹತ್ತಿತು. ಮಾರಿಕೊಂಡೇಬಿಟ್ಟ, ಹಾಡುಹಗಲೇ! ಕೈಚೀಲ ಹಿಡಿದು ಅವಳು ಎದ್ದೇನಿಂತಳು. ಪಕ್ಕದ ಪೊಲೀಸಿನವ ಕೂಡಿರೆಂದು ಕೈ ಮಾಡಿದ. ಅವಳು ಕೂರಲಿಲ್ಲ.

ಅಷ್ಟರಲ್ಲಿ ನ್ಯಾಯಮೂರ್ತಿಗಳು ಕಡತದಿಂದ ತಲೆಯೆತ್ತಿದರು. "ಇನಾಮದಾರ್ ಅವರೇ, ಸಹಿ ಪಕ್ಕಕ್ಕಿಡಿ. ಮೃತ್ಯುಪತ್ರಕ್ಕೆ ಸಾಕ್ಷಿಗಳಾಗಿ ಸಹಿ ಮಾಡಿದವರು ಯಾರು?"

"ಇಬ್ಬರಿದ್ದಾರೆ, ಸ್ವಾಮಿ. ಪತ್ರ ಬರೆದವನನ್ನು ನಾವು ವಿಚಾರಿಸಿದ್ದೇವೆ."

"ಬರೆದವನು ಬರೆದ, ಅಷ್ಟೇ. ಸಾಕ್ಷಿಯೆಂದು ಅವನು ಸಹಿ ಮಾಡಿದ್ದಾನೆಯೇ?"

"ಇಲ್ಲ, ಸ್ವಾಮಿ. ಬರೆದವನು ಎಂದೇ ಮಾಡಿದ್ದಾನೆ."

"ಆ ಇಬ್ಬರು?"

"ಒಬ್ಬರು ತೀರಿಕೊಂಡಿದ್ದಾರೆ."

"ಇನ್ನೊಬ್ಬರು?"

ಇನಾಮದಾರ ಹಿಂದೆ ತಿರುಗಿ ಶಿವಯೋಗಿಯನ್ನು ನೋಡಿದ. ಶಿವಯೋಗಿ ತನ್ನ ಚಪ್ಪಲಿ ನೋಡಿಕೊಂಡ.

"ಗದಗಿನಲ್ಲಿದ್ದಾರೆ, ಸ್ವಾಮಿ. ಆರೋಗ್ಯವಾಗಿದ್ದಾರೆ."

"ಕರೆಸಲಿಲ್ಲ."

"ಕರೆಸಲಿಲ್ಲ, ಸ್ವಾಮಿ."

"ಬೇರೆ ಪತ್ರವಾಗಿದ್ದರೆ ಬೇರೆ ಮಾತು. ಮೃತ್ಯುಪತ್ರಕ್ಕೆ, ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬದುಕಿದ್ದು ಬರುವಂತಿದ್ದರೆ, ಅವರು ಬಂದು ಹೇಳಲೇಬೇಕು. ಕೆಳಗಿನ ಕೋರ್ಟು ಆ ಕಡೆ ನೋಡಿಯೇ ಇಲ್ಲ." ನ್ಯಾಯಮೂರ್ತಿಗಳು ಬರೆದುಕೊಳ್ಳುವವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಹೇಳಿ ಬರೆಸಿದರು. ಆಮೇಲೆ ನಿಂತೇ ಇದ್ದ ಮುದುಕಿಯನ್ನು ಕಂಡು, ಅವಳಿಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೂ ಹೇಳಿದರು: "ಸಹಿ ತಂದೆಯದೇ ಎಂದು ಇಟ್ಟುಕೊಂಡರೂ, ಬದುಕಿರುವ ಸಾಕ್ಷಿಯನ್ನು ಕರೆಸದೆ ಮೃತ್ಯುಪತ್ರ ಸಾಬೀತಾಯಿತು ಎನ್ನಬಹುದೇ? ಈ ಪ್ರಶ್ನೆಯ ಮೇಲೆ ಮೇಲ್ಮನವಿ ಅಂಗೀಕಾರವಾಗಿದೆ. ಇತ್ಯರ್ಥವಾಗುವವರೆಗೆ ಕೆಳಗಿನ ತೀರ್ಪಿಗೆ ತಡೆ. ನಿಮ್ಮನ್ನು ಯಾರೂ ಮನೆ ಬಿಡಿಸುವುದಿಲ್ಲಮ್ಮ, ಕೂತುಕೊಳ್ಳಿ."

ಕೈಚೀಲವನ್ನು ಮಡಿಲಿಗೆ ಹಾಕಿಕೊಂಡು ಅವಳು ಕೂತಳು.

ಹೊರಗೆ ಬೇವಿನ ಮರದ ಕೆಳಗೆ ಹಂಚಿನಮನಿ ಗೌನು ಕಳಚಿ ತೋಳ ಮೇಲೆ ಹಾಕಿಕೊಂಡ. "ಪೂರಾ ಗೆದ್ದಿಲ್ರಿ ನಿಂಬವ್ವಾರ, ಬಾಗಲಾ ತಗದೇತಿ ಅಷ್ಟ. ಕಡೀಕ ಮೃತ್ಯುಪತ್ರಾ ಬಿದ್ದು ಗೆದ್ರೂ, ನಿಮ್ಮಣ್ಣನ ಪಾಲಂತ ಅರ್ಧಾ ಮನಿ ಅವಂದು, ಅರ್ಧಾ ನಿಮ್ಮದು. ಆ ಚೀಲದಾಗಿನ ಕಾಗದಕ್ಕ ಈಗ ಸಹಿ ಹಾಕಲೇನು?"

ನಿಂಬವ್ವ ಬೆಚ್ಚಿಬಿದ್ದಳು. "ನಿಮಗ ಹೆಂಗ ಗೊತ್ತು?"

"ಯಾವಗಲ್ ಫೋನ್ ಮಾಡಿದ್ದ್ರಿ. ಕೋರ್ಟಿನ್ಯಾಗ ಅಷ್ಟು ಮರ್ಯಾದಿ ಇನ್ನೂ ಉಳದೇತಿ."

ಗೊತ್ತಿದ್ದೂ ಅವಳಿಗಾಗಿ ವಾದ ಮಾಡಿದನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಒಳಗಿನ ಮುಳ್ಳು ಸುಮ್ಮನಿರಲಿಲ್ಲ. "ಸಹಿ ಸುಳ್ಳಂತ ಒಂದ ಮಾತರ ಬರೀಬೇಕಿತ್ತಿಲ್ರಿ? ನನ್ನ ಮ್ಯಾಲೆ ನಿಮಗ ನಂಬಿಕಿ ಇರ್ಲಿಲ್ಲೇನು?"

ಹಂಚಿನಮನಿ ಗೌನನ್ನು ಇನ್ನೊಂದು ತೋಳಿಗೆ ಬದಲಿಸಿದ. "ನಿಮ್ಮ ಸಾಕ್ಷಿ ಹೇಳಿಕಿ ಓದೇನ್ರಿ. ಮೃತ್ಯುಪತ್ರಾ ಕೈಯಾಗ ಕೊಟ್ಟು, ಇದು ನಿಮ್ಮ ತಂದಿ ಸಹಿ ಹೌದೋ ಅಲ್ಲೋ ಅಂತ ಕೇಳಿದಾಗ ನೀವು, ಕನ್ನಡಕ ತಂದಿಲ್ಲ ಅಂದೀರಿ. ಅಲ್ಲ ಅಂತ ಅಂದಿಲ್ಲ."

ನಿಂಬವ್ವನ ಕೈ ಸೆರಗಿಗೆ ಹೋಯಿತು. ಆವತ್ತೂ ಕನ್ನಡಕ ಸೆರಗಿನೊಳಗೇ ಇತ್ತು.

ಅವನು ಕಟ್ಟು ಬಿಚ್ಚಿ ಮೃತ್ಯುಪತ್ರದ ನಕಲು ತೆಗೆದ. "ಈಗ ನೋಡ್ತೀರೇನು? ನಾ ಏನೂ ಕೇಳಂಗಿಲ್ಲ. ನೀವ ಬೇಕಂದ್ರ ನೋಡ್ರಿ."

ಸೆರಗಿನೊಳಗಿನ ಕನ್ನಡಕವನ್ನು ಅವಳು ತೆಗೆದಳು. ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಗಂಜಿ ಕುಡಿಸಿದ ಕೈ, ಮಲ ಬಳಿದ ಕೈ. ಇದನ್ನೆಲ್ಲ ಕಂಡೂ ಅಪ್ಪ ಎಲ್ಲವನ್ನೂ ಆ ಹುಡುಗನಿಗೆ ಬರೆದನೇ? ಸಹಿ ಸುಳ್ಳು ಎನ್ನುತ್ತಿದ್ದಷ್ಟು ದಿನ ಅಪ್ಪ ಅವಳವನಾಗಿ ಉಳಿದಿದ್ದ. ಅವಳ ಸಿಟ್ಟೆಲ್ಲ ಶಿವಯೋಗಿಯ ಮೇಲೆ, ಪತ್ರ ಬರೆದವನ ಮೇಲೆ, ವಕೀಲರ ಮೇಲೆ ಹರಿದುಹೋಗಿತ್ತು. ಅಪ್ಪನ ತನಕ ಬರಲು ಅದಕ್ಕೆ ಅವಳು ಎಂದೂ ದಾರಿ ಬಿಟ್ಟಿರಲಿಲ್ಲ.

ಕನ್ನಡಕವನ್ನು ಏರಿಸಿಕೊಳ್ಳದೆಯೇ ಮತ್ತೆ ಸೆರಗಿನೊಳಗೆ ಸಿಕ್ಕಿಸಿಕೊಂಡಳು. ಚೀಲದಿಂದ ಯಾವಗಲ್ ಕೊಟ್ಟ ಕಾಗದ ತೆಗೆದು ಹರಿದಳು.

"ಪ ಅಕ್ಷರದ ಕೆಳಗ ಅಪ್ಪ ಹಂಗ ಗೆರಿ ಎಳೀತಿದ್ದ, ಸಣ್ಣಾಕಿ ಇದ್ದಾಗ ನನ್ನ ಪಾಟಿ ಮ್ಯಾಲೂ ಹಂಗ ತಿದ್ದಸ್ತಿದ್ದ" ಎಂದಳು. ಹಂಚಿನಮನಿ ಅದು ಕೇಳಿಸದವನಂತೆ ಕಟ್ಟಿನ ದಾರ ಬಿಗಿಯುತ್ತಿದ್ದ. ಅವಳು ಅವನ ತೋಳು ಮುಟ್ಟಿದಳು.

"ಸಾಹೇಬ್ರ, ಮುಂದ ಎಲ್ಲಿ ಏನ ಬರದ್ರೂ ಆ 'ಇಟ್ಟುಕೊಂಡರೂ' ಅನ್ನೂದನ್ನ ಮಾತ್ರ ತಗೀಬ್ಯಾಡ್ರಿ."