ಕನ್ನಡದ ಕಡೆ ಹದಿಮೂರು

ದೇವರಾಜ ಅರಸು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಯಾತ್ ಸಾಬರು ಮಗಳ ಮದುವೆ ಕಾರ್ಡಿನ ಫೋಟೊ ಹಾಕಿ ಐದು ನಿಮಿಷ ಆಗಿರಲಿಲ್ಲ. ಅಡ್ಮಿನ್ ರಜಾಕ್ ಅದನ್ನು ಅಳಿಸಿಹಾಕಿದ. ‘ಇದು ನೀರು ಬಿಡೋ ಟೈಮ್ ಹೇಳೋ ಗುಂಪು ಚಾಚಾ. ಫೋಟೊ ಹಾಕಬ್ಯಾಡ್ರಿ ಅಂತ ನಿಯಮ ಐತೆ. ಟೈಪ್ ಮಾಡಿ ಹಾಕ್ರಿ.’

“ಇವನಪ್ಪನ ಗುಂಪು ನೋಡು!” ಎಂದು ಬೈದು, ಸಾಬರು ಫೋನು, ಕಾರ್ಡು ಎರಡನ್ನೂ ಮಗಳ ಮುಂದಿಟ್ಟರು. ಅವರಿಗೆ ಉರ್ದು ಬಿಟ್ಟರೆ ಬೇರೆ ಓದು ಬಾರದು. ಸುಮೈರಾಳ ಎಡಗೈ ತುಂಬ ಹಸಿ ಮೆಹಂದಿ. ಬಲಗೈ ಹೆಬ್ಬೆರಳಲ್ಲೇ ಕಾರ್ಡಿನ ಕನ್ನಡದ ಕಡೆ ನೋಡಿ ಒತ್ತತೊಡಗಿದಳು: ಸ್ಥಳ, ಶಾದಿ ಮಹಲ್, ಹರಿಹರ. ನಿಕಾಹ್, ಮಧ್ಯಾಹ್ನ ಎರಡು ಗಂಟೆ. ನಂತರ ಊಟ. ದಿನಾಂಕ 13, ಶನಿವಾರ.

ಹೆಬ್ಬೆರಳು ಅಲ್ಲೇ ನಿಂತಿತು. ಶನಿವಾರ ಇವತ್ತೇ. ಗಡಿಯಾರದಲ್ಲಿ ಎರಡೂವರೆ.

“ಅಬ್ಬಾ, ಉರ್ದು ಕಡೆ ಎಷ್ಟನೇ ತಾರೀಖೈತೆ?”

“ಹದಿನಾಕು, ಇತ್ವಾರ, ನಾಳೆ ಭಾನುವಾರ. ಯಾಕ? ನಿನ್ ಮದ್ವಿ ದಿನ ನಿನಗೇ ಮರತೋತಾ?”

ಅವಳು ಕಾರ್ಡು ತಿರುಗಿಸಿ ತೋರಿಸಿದಳು. ಅಚ್ಚಿನ ಅಂಗಡಿಯವನು ಅದೇ ಮಹಲಿನಲ್ಲಿ ಹದಿಮೂರಕ್ಕೆ ಮದುವೆಯಿದ್ದ ಬೇರೆ ಯಾರದೋ ಕಾರ್ಡಿನ ಮೇಲೆ ಹೆಸರು ಬದಲಾಯಿಸಿದ್ದ, ತಾರೀಖು ಹಾಗೇ ಬಿಟ್ಟಿದ್ದ. ಅಚ್ಚಿಗೆ ಮುಂಚೆ ಕನ್ನಡದ ಕಡೆ ನೋಡಿ ‘ಸರಿ ಐತೆ’ ಎಂದವಳು ಅವಳೇ. ನೋಡಿದ್ದು ತನ್ನ ಹೆಸರು, ಮದುಮಗ ದಾನಿಶ್‌ನ ಹೆಸರು ಅಷ್ಟೆ.

ನೆಂಟರಿಗೆಲ್ಲ ಸಾಬರು ಬಾಯಲ್ಲೇ ಇತ್ವಾರ ಎಂದಿದ್ದರು. ಬರೀ ಕಾರ್ಡು ನಂಬಿದವರು ಅವಳು ಪಾಠ ಹೇಳುವ ಶಾಲೆಯವರು. ಅವಳದೇ ಎನ್ನುವ ಜನ ಮದುವೆಯಲ್ಲಿ ಅವರಷ್ಟೇ. ಅವರ ಎಂಟು ಕಾರ್ಡನ್ನೂ ಶಾಲೆಯ ಆಯಾಳ ಕೈಯಲ್ಲಿ ಕಳಿಸಿದ್ದಳು.

ಮುಖ್ಯೋಪಾಧ್ಯಾಯಿನಿಗೆ ಫೋನ್ ಹಚ್ಚುವಷ್ಟರಲ್ಲಿ ಅವರದೇ ಬಂತು.

“ಸುಮೈರಾ, ಎಲ್ಲಿದೀಯೇ?” ಎಂದರು ಸರ್ವಮಂಗಳಮ್ಮ. “ಎಂಟೂ ಮಂದಿ ಹರಿಹರದಾಗಿದೀವಿ. ಮದುಮಗಳು ಮುಸುಕು ಹಾಕ್ಕೊಂಡು ಕುಂತಿದ್ಲು, ನೀನೇ ಅಂತ ಉಡುಗೊರೆ ಕೈಗೆ ಕೊಟ್ವಿ. ಮುಸುಕು ಸರಿಸಿದ್ರೆ ಬೇರೆ ಹುಡುಗಿ! ನಿನ್ ಹುಡುಗ ಯಾರನ್ನ ಕಟ್ಕೊಂಡ? ಅವರ ಕಡೆ ಮುದುಕರ ಹತ್ರ ಜಗಳಾನೂ ಆಡಿಬಿಟ್ಟೆ ನಾನು!”

“ಮೇಡಂ, ಅದು ಬೇರೆಯವರ ಮದ್ವಿ. ನಂದು ನಾಳೆ.”

ಫೋನಿನಲ್ಲಿ ಬ್ಯಾಂಡಿನ ಸದ್ದು ಕೇಳಿಸಿತು.

“ನಾಳೆನಾ?” ಎಂದರು. “ನಾಳೆ ಭಾನುವಾರ ಆದ್ರೂ ನಮ್ಮೆಲ್ಲರಿಗೂ ತರಬೇತಿ ಐತಲ್ಲೇ, ಚಿತ್ರದುರ್ಗದಾಗೆ. ನೀನು ರಜೆ ಮ್ಯಾಲಿದ್ದಿ, ನಿನಗೆ ಗೊತ್ತಿಲ್ಲ. ಯಾರೂ ಬರಂಗಿಲ್ಲ ಕಣಮ್ಮ.”

ಸಾಬರು ಮಗಳ ಮುಖ ನೋಡಿದರು. ಅವಳ ಎಡಗೈ ತಾನಾಗಿ ಮುಷ್ಟಿಯಾಗಿತ್ತು. ಬೆರಳ ಸಂದಿಯಿಂದ ಮೆಹಂದಿ ಕೆಸರಿನಂತೆ ಜಾರಿ ಕಾರ್ಡಿನ ಮೇಲೆ ಬಿತ್ತು.