ಕಡತದಲ್ಲಿಲ್ಲದ ಟಾರ್ಚ್

ಪೀಣ್ಯದ ಲಾ ಕಾಲೇಜಿನ ಅಣಕು ವಿಚಾರಣೆಗೆ ಹಿರಿಯ ವಕೀಲ ಹನುಮಂತರಾಯಪ್ಪನವರೂ ನಾನೂ ತೀರ್ಪುಗಾರರು. ಗೆದ್ದ ತಂಡ ರಾಜ್ಯ ಸುತ್ತಿಗೆ ಹೋಗುತ್ತಿತ್ತು. ಕಾರ್ಖಾನೆಯ ತಾಮ್ರದ ತಂತಿ ಕದ್ದನೆಂಬ ಆರೋಪಿಯ ಪರ ನೀಲಾಂಬಿಕಾ ವಾದಿಸುತ್ತಿದ್ದಳು. ಎದುರು ತಂಡದ ಶ್ರೀಧರ್ ವಾಚ್‌ಮನ್ ಪಾತ್ರದಲ್ಲಿ ಕಟಕಟೆ ಹತ್ತಿದ್ದ.

“ಟಾರ್ಚ್ ಬಿಟ್ಟು ನೋಡ್ದೆ. ಇವನ ಮುಖಾನೇ,” ಅಂದ.

ಎರಡೂ ತಂಡಗಳಿಗೆ ಕೊಟ್ಟಿದ್ದ ಪ್ರಕರಣದ ಕಡತದಲ್ಲಿ ಟಾರ್ಚೇ ಇರಲಿಲ್ಲ. ವಾಚ್‌ಮನ್ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ, ಕತ್ತಲಲ್ಲಿ ಅಂಗಿ ನೋಡಿ ಗುರುತಿಸಿದೆ ಎಂದಷ್ಟೇ ಇತ್ತು.

ನೀಲಾಂಬಿಕಾ ಅವನತ್ತ ಬೆರಳು ಚಾಚಿದಳು. “ಪೊಲೀಸರಿಗೆ ಟಾರ್ಚ್ ವಿಷಯ ಹೇಳಿದ್ರಾ?”

“ಹೇಳಿದೀನಿ.”

ಅವಳು ಕಡತದ ಹಾಳೆಗಳನ್ನು ಅವನ ಕೈಗೆ ಕೊಟ್ಟಳು. “ಇದು ನಿಮ್ಮ ಹೇಳಿಕೆ. ಎಲ್ಲಿದೆ, ತೋರ್ಸಿ.”

ಶ್ರೀಧರ್ ಹಾಳೆ ತಿರುವಿದ, ಮತ್ತೆ ತಿರುವಿದ. “ಇದ್ರಲ್ಲಿಲ್ಲ.”

“ಇಷ್ಟೇ ಸ್ವಾಮಿ,” ಎಂದು ಅವಳು ಕೂತುಬಿಟ್ಟಳು.

ಅಂಕ ಹಾಕುವಾಗ ಹನುಮಂತರಾಯಪ್ಪ ನನ್ನ ಹತ್ತಿರ ಗೊಣಗಿದರು. “ಸಿಕ್ಕಿಹಾಕ್ಕೊಂಡಿದ್ದ ಕಣಮ್ಮ. ಯಾಕಿಲ್ಲ ಅಂತ ಇವಳು ಕೇಳಿ ಮಾನ ತೆಗೀಬೇಕಿತ್ತು.”

“ಕೇಳಿದ್ರೆ, ಪೊಲೀಸ್ರೇ ಬರ್ಕೊಳ್ಳಲಿಲ್ಲ ಅಂತಿದ್ದ ಸಾರ್. ತಪ್ಪಿಸಿಕೊಳ್ಳೋಕೆ ಇವಳೇ ದಾರಿ ಕೊಟ್ಟಂಗೆ ಆಗ್ತಿತ್ತು,” ಅಂದೆ.

ಅವರು ನಕ್ಕರು. “ಒಂದು ಪ್ರಶ್ನೆ ಹೆಚ್ಚು ಕೇಳಿ ನಂದೊಂದು ಕೇಸು ಹಂಗೇ ಹೋಯ್ತು, ಬಿಡು.”

ತರ್ಕಕ್ಕೂ ಕಡತದ ಬಳಕೆಗೂ ಅವಳ ತಂಡಕ್ಕೆ ಹೆಚ್ಚು ಕೊಟ್ಟೆವು. ಕೋರ್ಟಿನ ನಡವಳಿಕೆಯಲ್ಲಿ ಶ್ರೀಧರನ ತಂಡ ಮುಂದಿತ್ತು, ಆದರೆ ಗೆಲ್ಲಲು ಅದು ಸಾಲಲಿಲ್ಲ.

ಫಲಿತಾಂಶ ಹೇಳಿದ್ದೇ ತಡ, ನೀಲಾಂಬಿಕಾ ನೇರ ನನ್ನ ಹತ್ತಿರ ಬಂದಳು. “ಮೇಡಂ, ನಡವಳಿಕೆಗೆ ಯಾಕೆ ಕಮ್ಮಿ?”

“ಸಾಕ್ಷಿಗೆ ಬೆರಳು ತೋರಿಸ್ತಾರೇನೇ?”

“ಸುಳ್ಳು ಹೇಳಿದ್ರೂ ತೋರಿಸ್ಬಾರ್ದಾ?”

“ಅದಕ್ಕೆ ಕಾಗದ ತೋರಿಸಿದ್ಯಲ್ಲ, ಸಾಕು.”

“ಸರಿ. ರಾಜ್ಯ ಸುತ್ತಲ್ಲಿ ಎರಡೂ ಕೈಲಿ ಕಡತ ಹಿಡ್ಕೊಂಡೇ ನಿಲ್ತೀನಿ,” ಅಂದಳು.